ಒಂದು ಯೂನಿಟ್‌ಗೆ ಎಷ್ಟು ಕಿಲೋಮೀಟರ್?

ಏಥರ್ ಥರದ ಎಲೆಕ್ಟ್ರಿಕ್ ಸ್ಕೂಟರ್‌ನ ಡ್ಯಾಶ್‌ಬೋರ್ಡ್ ನೋಡಿದ್ರೆ Wh/km ಅಂತ ಒಂದು ಸಂಖ್ಯೆ ಕಾಣುತ್ತೆ. ಒಂದು ಕಿಲೋಮೀಟರ್ ಹೋಗೋಕೆ ಎಷ್ಟು ವ್ಯಾಟ್-ಅವರ್ ಖರ್ಚಾಯ್ತು ಅನ್ನೋದೇ ಅದು. ಮನೆಯವರು ಕೇಳೋದು ಮಾತ್ರ "ಎಷ್ಟು ಮೈಲೇಜ್ ಕೊಡುತ್ತೆ?" ಅಂತ. ಅದಕ್ಕೆ ಉತ್ತರ km/kWh. ಒಂದು ಕಿಲೋವ್ಯಾಟ್-ಅವರ್ ಅಂದ್ರೆ ಕರೆಂಟ್ ಬಿಲ್‌ನ ಒಂದು ಯೂನಿಟ್, ಹಾಗಾಗಿ ಇದನ್ನ ಯೂನಿಟ್‌ಗೆ ಇಷ್ಟು ಕಿಲೋಮೀಟರ್ ಅಂತ ಓದಬಹುದು.

ಲೆಕ್ಕ ಒಂದೇ ಸಾಲು:

```
km/kWh = 1000 / (Wh/km)
```

1 kWh ಅಂದ್ರೆ 1000 Wh, ಅದಕ್ಕೇ ಮೇಲೆ 1000. ಡ್ಯಾಶ್‌ಬೋರ್ಡ್ 25 ತೋರಿಸಿದ್ರೆ ಯೂನಿಟ್‌ಗೆ 40 ಕಿಮೀ. ಇಷ್ಟಕ್ಕೇ ಮುಗಿದಿದ್ರೆ ಲೇಖನ ಬೇಕಿರಲಿಲ್ಲ. ತೊಂದರೆ ಶುರುವಾಗೋದು ಸರಾಸರಿ ತೆಗೆಯುವಾಗ.

ಚಾಮುಂಡಿ ಬೆಟ್ಟದಂಥ ರಸ್ತೆ ತಗೊಳ್ಳೋಣ. ಹತ್ತೋದು 8 ಕಿಮೀ, ಇಳಿಯೋದು 8 ಕಿಮೀ ಅಂತಿಟ್ಟುಕೊಳ್ಳಿ. ಹತ್ತುವಾಗ 50 Wh/km, ಇಳಿಯುವಾಗ 10. ಬದಲಾಯಿಸಿದ್ರೆ ಯೂನಿಟ್‌ಗೆ 20 ಕಿಮೀ ಮತ್ತು 100 ಕಿಮೀ. ಎರಡನ್ನೂ ಕೂಡಿಸಿ ಅರ್ಧ ಮಾಡಿದ್ರೆ 60 ಬರುತ್ತೆ. 3 kWh ಬ್ಯಾಟರಿ ಇದ್ರೆ 180 ಕಿಮೀ ಓಡುತ್ತೆ ಅಂತ ಹೊರಟುಬಿಡ್ತೀವಿ!

ನಿಜವಾದ ಖರ್ಚು ನೋಡೋಣ. ಹತ್ತೋಕೆ 8 × 50 = 400 Wh, ಇಳಿಯೋಕೆ 8 × 10 = 80 Wh, ಒಟ್ಟು 480. ಅಂದ್ರೆ 0.48 ಯೂನಿಟ್‌ನಲ್ಲಿ 16 ಕಿಮೀ, ಯೂನಿಟ್‌ಗೆ ಬರೀ 33.3. ಅದೇ ಬ್ಯಾಟರಿಯಲ್ಲಿ 100 ಕಿಮೀ ಅಷ್ಟೇ. ಕಾರಣ ಸರಳ: ಎರಡೂ ಕಡೆ ದೂರ ಸಮ ಇದೆ, ಆದ್ರೆ ಹತ್ತುವಾಗ ಬ್ಯಾಟರಿಯಿಂದ ಹೋದದ್ದು ಐದು ಪಟ್ಟು. ಆ 100 ಕಿಮೀ ಅನ್ನೋ ಚಂದದ ಸಂಖ್ಯೆಗೆ ಸರಾಸರಿಯಲ್ಲಿ ಅಷ್ಟು ತೂಕ ಕೊಡೋ ಹಾಗಿಲ್ಲ. ದೂರ ಸಮ ಇದ್ದಾಗ Wh/km ಸರಾಸರಿ ತೆಗೆದು (ಇಲ್ಲಿ 30), ಕೊನೆಗೆ ಒಂದೇ ಸಲ 1000ವನ್ನ ಅದರಿಂದ ಭಾಗಿಸಬೇಕು. ದೂರ ಬೇರೆ ಬೇರೆ ಇದ್ರೆ ಒಟ್ಟು ಕಿಲೋಮೀಟರನ್ನ ಒಟ್ಟು ಯೂನಿಟ್‌ನಿಂದ ಭಾಗಿಸೋದೇ ದಾರಿ. ಹಾರ್ಮೋನಿಕ್ ಮೀನ್ ಅಂತ ಗಣಿತದಲ್ಲಿ ಓದಿದ್ವಲ್ಲ, ಅದು ಇದೇ.

ಇಳಿಜಾರು ಇನ್ನೂ ಕಡಿದಾಗಿದ್ರೆ ಮೋಟರೇ ಜನರೇಟರ್ ಆಗಿ ಬ್ಯಾಟರಿಗೆ ವಾಪಸ್ ಕರೆಂಟ್ ತುಂಬುತ್ತೆ. ಆಗ Wh/km ಸೊನ್ನೆ ಅಥವಾ ಮೈನಸ್ ಆಗಬಹುದು. ಅದಕ್ಕೆ ಅರ್ಥ ಇದೆ. ಆದ್ರೆ 1000 / 0 ಮಾಡಿ ಮೈಲೇಜ್ ಹೇಳೋಕಾಗಲ್ಲ. ಹಾಗಾಗಿ ಚಿಕ್ಕ ಚಿಕ್ಕ ತುಂಡು ದಾರಿಗೆ km/kWh ಲೆಕ್ಕ ಹಾಕೋದೇ ಬೇಡ.

ಇನ್ನೊಂದು ವಿಷಯ. ಡ್ಯಾಶ್‌ಬೋರ್ಡ್ ಅಳೆಯೋದು ಬ್ಯಾಟರಿಯಿಂದ ಹೊರಬಂದದ್ದನ್ನ, ಬಿಲ್ ಬರೋದು ಗೋಡೆಯ ಪ್ಲಗ್‌ನಿಂದ ಹೋದದ್ದಕ್ಕೆ. ಚಾರ್ಜರ್ ಬಿಸಿಯಾಗುತ್ತಲ್ಲ, ಆ ಶಾಖವೂ ನಮ್ಮ ಬಿಲ್‌ನಲ್ಲೇ ಸೇರುತ್ತೆ. 500 ಕಿಮೀಗೆ ಡ್ಯಾಶ್‌ಬೋರ್ಡ್ ಸರಾಸರಿ 30 ಅಂದ್ರೆ 15 ಯೂನಿಟ್. ಪ್ಲಗ್‌ಗೆ ಹಾಕಿದ ಮೀಟರ್ 17.5 ತೋರಿಸಿದ್ರೆ ನಿಜವಾದ ಲೆಕ್ಕ 35 Wh/km, ಯೂನಿಟ್‌ಗೆ 28.6 ಕಿಮೀ. ಚಾರ್ಜ್ ಎಷ್ಟು ದೂರಕ್ಕೆ ಸಾಕು ಅಂತ ನೋಡೋಕೆ ಮೊದಲನೇದು, ತಿಂಗಳ ಖರ್ಚು ನೋಡೋಕೆ ಎರಡನೇದು.