ಲಾಭ ಐತಿ, ರೊಕ್ಕ ಎಲ್ಲಿ?

ಇಚಲಕರಂಜಿಯ ಬಟ್ಟೆ ಪೇಟೆಯಲ್ಲಿ ಲೆಕ್ಕ ಬರೆಯುವ ನನಗೆ ಮಾರ್ಚ್ ಮುಗಿದ ಮೇಲೆ ಹೆಚ್ಚಾಗಿ ಬರುವ ಪ್ರಶ್ನೆ ಇದೇ. ಸಗಟು ವ್ಯಾಪಾರಿ ತಾಳೆಪಟ್ಟಿ ನೋಡುತ್ತಾನೆ, ಲಾಭದ ಅಂಕಿ ಚೆನ್ನಾಗಿದೆ. ಬ್ಯಾಂಕಿನ ಪಾಸ್‌ಬುಕ್ ನೋಡುತ್ತಾನೆ, ಸಿಸಿ ಖಾತೆ ಮಿತಿಯ ಅಂಚಿನಲ್ಲಿದೆ. ಎರಡೂ ನಿಜ, ಎರಡೂ ಒಂದೇ ಅಂಗಡಿಯವು. ನಡುವಿನ ಅಂತರವನ್ನು ವಿವರಿಸಲು ಲಾಭನಷ್ಟದ ಪಟ್ಟಿ ಸಾಲದು, ದಿನಗಳ ಲೆಕ್ಕ ಬೇಕು. ಮಾಲು ಗೋದಾಮಿನಲ್ಲಿ ಎಷ್ಟು ದಿನ ಕೂತಿತು, ಮಾರಿದ ಮೇಲೆ ಹಣ ಗಿರಾಕಿಯ ಹತ್ತಿರ ಎಷ್ಟು ದಿನ ಉಳಿಯಿತು, ನಾವು ಕೊಡಬೇಕಾದ್ದನ್ನು ಎಷ್ಟು ದಿನ ತಡೆದೆವು. ಮೊದಲಿನ ಎರಡನ್ನು ಕೂಡಿಸಿ ಮೂರನೆಯದನ್ನು ಕಳೆದರೆ ಬರುವುದೇ ದುಡಿಯುವ ಬಂಡವಾಳದ ಚಕ್ರ. ನಮ್ಮ ಕೈಯಿಂದ ಹೋದ ರೂಪಾಯಿ ತಿರುಗಿ ನಮ್ಮ ಕೈಗೆ ಬರಲು ಹಿಡಿಯುವ ದಿನಗಳು ಅವು.

ನಾನು ಕೆಲಸ ಮಾಡಿದ ಒಂದು ಅಂಗಡಿಯ ಲೆಕ್ಕವನ್ನೇ ಇಲ್ಲಿ ಬಿಡಿಸುತ್ತೇನೆ. ಗುರುತು ಸಿಗದಂತೆ ಅಂಕಿಗಳನ್ನು ದುಂಡಾಗಿಸಿದ್ದೇನೆ. ಮಗ್ಗದವರಿಂದ ಕೋರಾ ಬಟ್ಟೆ ಕೊಂಡು ಹೊರಗಿನ ಊರುಗಳ ವ್ಯಾಪಾರಿಗಳಿಗೆ ಮಾರುವ ಅಂಗಡಿ. ವರ್ಷದ ಮಾರಾಟ 7 ಕೋಟಿ 30 ಲಕ್ಷ, ಅಂದರೆ ದಿನಕ್ಕೆ 2 ಲಕ್ಷ. ಆ ಮಾಲಿನ ಅಸಲು ದಿನಕ್ಕೆ 1 ಲಕ್ಷ 90 ಸಾವಿರ. ಖರ್ಚು ಕಳೆದು ವರ್ಷಕ್ಕೆ 18 ಲಕ್ಷ ಲಾಭ. ಹಿಂದಿನ ವರ್ಷದ ಮಾರಾಟವೂ ಇಷ್ಟೇ, ಲಾಭವೂ ಹೆಚ್ಚುಕಡಿಮೆ ಇಷ್ಟೇ. ಆದರೆ ಸಾಲ ಮಾತ್ರ ಏರಿತ್ತು.

ದಿನಗಳನ್ನು ಲೆಕ್ಕ ಹಾಕುವಾಗ ಭಾಜಕ ಸರಿಯಿರಬೇಕು. ಗೋದಾಮಿನ ಮಾಲನ್ನು ಅಸಲಿನಲ್ಲಿ ಬರೆದಿರುತ್ತೇವೆ, ಆದ್ದರಿಂದ ಅದನ್ನು ದಿನದ ಅಸಲಿನಿಂದಲೇ ಭಾಗಿಸಬೇಕು, ಮಾರಾಟದಿಂದಲ್ಲ. ಉದ್ರಿಯ ಬಾಕಿಯಲ್ಲಿ ಜಿಎಸ್‌ಟಿಯೂ ಸೇರಿರುತ್ತದೆ, ಲಾಭನಷ್ಟದ ಪಟ್ಟಿಯ ಮಾರಾಟದಲ್ಲಿ ಅದು ಇರುವುದಿಲ್ಲ. ಬಟ್ಟೆಗೆ ಶೇ 5 ತೆರಿಗೆ. ಹಾಗಾಗಿ ಉದ್ರಿಯನ್ನು 2 ಲಕ್ಷದಿಂದಲ್ಲ, ದಿನದ ಬಿಲ್ಲಿನ ಮೊತ್ತವಾದ 2 ಲಕ್ಷ 10 ಸಾವಿರದಿಂದ ಭಾಗಿಸಬೇಕು. ಈ ಎಚ್ಚರ ಇಲ್ಲದಿದ್ದರೆ ಉದ್ರಿ ಇರುವುದಕ್ಕಿಂತ ಮೂರು ನಾಲ್ಕು ದಿನ ಹೆಚ್ಚಾಗಿ ಕಾಣುತ್ತದೆ.

ಹೀಗೆ ಭಾಗಿಸಿದಾಗ ಹಿಂದಿನ ವರ್ಷ ಮಾಲು 30 ದಿನ, ಉದ್ರಿ 60 ದಿನ, ಕೊಡಬೇಕಾದ್ದು 50 ದಿನ. ಚಕ್ರ 40 ದಿನ. ಈ ವರ್ಷ ಮಾಲು 38, ಉದ್ರಿ 72, ಕೊಡಬೇಕಾದ್ದು 45. ಚಕ್ರ 65 ದಿನ. ಈ ಅಂಗಡಿಯಲ್ಲಿ ಒಂದು ದಿನವೆಂದರೆ ಸುಮಾರು 2 ಲಕ್ಷ ರೂಪಾಯಿ. 25 ದಿನ ಉದ್ದವಾದ ಚಕ್ರ 50 ಲಕ್ಷ ರೂಪಾಯಿಯನ್ನು ನುಂಗಿತ್ತು. 18 ಲಕ್ಷ ಲಾಭ ಅದರೊಳಗೇ ಕರಗಿ, ಉಳಿದದ್ದಕ್ಕೆ ಬ್ಯಾಂಕಿನ ಹಣ ಹೋಗಿತ್ತು.

"ಅಣ್ಣಾ, ನಾ ಏನೂ ದುಂದ ಮಾಡಿಲ್ಲ. ಮನಿಗೂ ಜಾಸ್ತಿ ಒಯ್ದಿಲ್ಲ" ಅಂದರು ಸಾವ್ಕಾರರು. ಅವರ ಮಾತು ನಿಜವೇ ಆಗಿತ್ತು. ರೊಕ್ಕ ಎಲ್ಲೂ ಖರ್ಚಾಗಿರಲಿಲ್ಲ. ಅದು ಬಟ್ಟೆಯಾಗಿ, ಬಾಕಿಯಾಗಿ ಕೂತಿತ್ತು. ಆ 25 ದಿನಗಳು ಎಲ್ಲಿಂದ ಬಂದವು ಎಂದು ಒಂದೊಂದಾಗಿ ಬಿಡಿಸಿದಾಗಲೇ ಮುಂದೇನು ಮಾಡಬೇಕು ಎನ್ನುವುದು ತಿಳಿಯಿತು.

ಮೊದಲು ಉದ್ರಿ. 60ರಿಂದ 72 ಆಯಿತೆಂದರೆ ಎಲ್ಲ ಗಿರಾಕಿಗಳೂ 12 ದಿನ ತಡ ಮಾಡಿದರು ಎಂದು ಅನ್ನಿಸುತ್ತದೆ. ಬಿಲ್ಲುವಾರು ಬಾಕಿಯ ಪಟ್ಟಿ ತೆಗೆದಾಗ ಬೇರೆಯೇ ಕಂಡಿತು. ಒಟ್ಟು ಬಾಕಿ 1 ಕೋಟಿ 51 ಲಕ್ಷ. ಅದರಲ್ಲಿ 22 ಲಕ್ಷ ಒಬ್ಬನೇ ಗಿರಾಕಿಯದು, ಎಲ್ಲವೂ ಐದು ತಿಂಗಳಿಗಿಂತ ಹಳೆಯದು. ಆಮೇಲೆ ಅವನು ಹೊಸ ಮಾಲನ್ನೂ ಒಯ್ದಿರಲಿಲ್ಲ. ಅದನ್ನು ಬಿಟ್ಟರೆ ಉಳಿದವರ ಉದ್ರಿ 61 ದಿನ ಚಿಲ್ಲರೆ. ಪೇಟೆ ಹಿಂದಿನ ವರ್ಷದಂತೆಯೇ ಹಣ ಕೊಡುತ್ತಿತ್ತು, ಒಬ್ಬ ಮಾತ್ರ ನಿಂತುಬಿಟ್ಟಿದ್ದ. ಎಲ್ಲರ ಉದ್ರಿ ಬಿಗಿ ಮಾಡಿದ್ದರೆ ಒಳ್ಳೆಯ ಗಿರಾಕಿಗಳು ಕೈ ಬಿಡುತ್ತಿದ್ದರು, ರೋಗ ಅಲ್ಲೇ ಉಳಿಯುತ್ತಿತ್ತು. ಸರಾಸರಿ ದಿನ ನೋಡಿದ ಕೂಡಲೇ ವಯಸ್ಸುವಾರು ಪಟ್ಟಿ ನೋಡಲೇಬೇಕು ಎಂದು ನಾನು ಹೇಳುವುದು ಇದಕ್ಕೇ: 30 ದಿನದೊಳಗಿನದು ಎಷ್ಟು, 60ರೊಳಗಿನದು ಎಷ್ಟು, 90 ದಾಟಿದ್ದು ಎಷ್ಟು ಮತ್ತು ಯಾರದು.

ಇಂಥವನ ಸುಳಿವು ಮೊದಲೇ ಸಿಗುತ್ತದೆ. ಬಿಲ್ಲಿನ ನಂಬರು ಹೇಳದೆ ಲಕ್ಷ, ಎರಡು ಲಕ್ಷ ಎಂದು ದುಂಡು ಮೊತ್ತ ಕಳಿಸತೊಡಗುತ್ತಾನೆ. ಲೆಕ್ಕದವರು ಅದನ್ನು ಒಟ್ಟು ಖಾತೆಗೆ ಜಮಾ ಮಾಡಿದರೆ ಯಾವ ಬಿಲ್ಲು ಉಳಿಯಿತು ಎನ್ನುವುದೇ ಕಾಣುವುದಿಲ್ಲ. ಆರು ತಿಂಗಳ ಹಿಂದಿನ ಬಟ್ಟೆಯ ಬಗ್ಗೆ ಈಗ ಕ್ವಾಲಿಟಿಯ ತಕರಾರು ತೆಗೆಯುತ್ತಾನೆ. ಬಂದ ಹಣವನ್ನು ಬಿಲ್ಲಿಗೆ ಬಿಲ್ಲು ಹೊಂದಿಸಿ ಬರೆಯುವ ಅಂಗಡಿಯಲ್ಲಿ ಇದು ಎರಡನೆಯ ತಿಂಗಳಿಗೇ ಗೊತ್ತಾಗುತ್ತದೆ.

ಈ 22 ಲಕ್ಷದ ಪೆಟ್ಟು ಎರಡು ಕಡೆ ಬೀಳುತ್ತದೆ. ಸಿಸಿ ಸಾಲಕ್ಕೆ ಪ್ರತಿ ತಿಂಗಳು ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುತ್ತೇವೆ. ಬ್ಯಾಂಕು ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಎಣಿಸುವುದಿಲ್ಲ. ಮಾಲು 72 ಲಕ್ಷ, ಒಪ್ಪುವ ಬಾಕಿ 129 ಲಕ್ಷ, ಅದರಲ್ಲಿ ಮಗ್ಗದವರಿಗೆ ಕೊಡಬೇಕಾದ 90 ಲಕ್ಷ ಕಳೆದರೆ 111 ಲಕ್ಷ. ಶೇ 25 ಮಾರ್ಜಿನ್ ಬಿಟ್ಟರೆ ಸುಮಾರು 83 ಲಕ್ಷದವರೆಗೆ ಮಾತ್ರ ಹಣ ತೆಗೆಯಬಹುದು. ಚಕ್ರದಲ್ಲಿ ಸಿಕ್ಕಿದ್ದು 133 ಲಕ್ಷ. ಉಳಿದ 50 ಲಕ್ಷ ಸ್ವಂತದ್ದೇ ಆಗಬೇಕು. ಉದ್ರಿ ಹಳತಾದಷ್ಟೂ ಹಣದ ಅಗತ್ಯ ಏರುತ್ತದೆ, ಬ್ಯಾಂಕು ಕೊಡುವುದು ಏರುವುದಿಲ್ಲ.

ಇನ್ನು ಮಾಲು. ಇಲ್ಲೂ 38 ದಿನ ಎನ್ನುವ ಸರಾಸರಿಯ ಹಿಂದೆ ಎರಡು ಬೇರೆ ಗೋದಾಮುಗಳಿದ್ದವು. 72 ಲಕ್ಷದ ಮಾಲಿನಲ್ಲಿ 27 ಲಕ್ಷ ಒಂದೇ ನಮೂನೆಯ ಬಟ್ಟೆ. ಅದು ದಿನಕ್ಕೆ 15 ಸಾವಿರದಷ್ಟು ಮಾತ್ರ ಹೋಗುತ್ತಿತ್ತು, ಅಂದರೆ 180 ದಿನಗಳ ಮಾಲು. ಉಳಿದ 45 ಲಕ್ಷದ್ದು 26 ದಿನದಲ್ಲೇ ತಿರುಗುತ್ತಿತ್ತು. ನೂಲಿನ ದರ ಏರುತ್ತದೆ ಎಂದು ಒಮ್ಮೆಲೇ ಕೊಂಡ ಬಟ್ಟೆ ಅದು. ಈ ಪೇಟೆಯಲ್ಲಿ ದರದ ಮೇಲೆ ಮಾಲು ಹಿಡಿಯುವ ಆಸೆ ಹಳೆಯದು. 2022ರ ಮೇ ತಿಂಗಳಲ್ಲಿ ಹತ್ತಿಯ ದರ ಕ್ಯಾಂಡಿಗೆ, ಅಂದರೆ 356 ಕಿಲೋಗೆ, 1 ಲಕ್ಷ ರೂಪಾಯಿ ದಾಟಿ, ಅದೇ ವರ್ಷ ಇಳಿದುಬಿಟ್ಟಿತು. ಆಗ 15 ದಿನದ ಮಾಲಿದ್ದವನು ಸುಧಾರಿಸಿಕೊಂಡ, ಮೂರು ತಿಂಗಳ ಮಾಲು ಹಿಡಿದವನು ಅಸಲಿಗಿಂತ ಕೆಳಗೆ ಮಾರಬೇಕಾಯಿತು. ಮಾಲಿನ ದಿನ ಹೆಚ್ಚಿದರೆ ಬಡ್ಡಿ ಹೋಗುವುದಷ್ಟೇ ಅಲ್ಲ, ಅಷ್ಟು ದಿನ ದರದ ಏರಿಳಿತಕ್ಕೂ ಮೈಯೊಡ್ಡಿರುತ್ತೇವೆ.

ಹಾಗಂತ ಎಲ್ಲರಿಗೂ ಒಂದೇ ಅಳತೆಯಿಲ್ಲ. ನಮ್ಮೂರು ನಾಂದಣಿಯಲ್ಲಿ ತರಕಾರಿಯ ಸಗಟು ಮಾಡುವವನಿಗೆ ಮಾಲಿನ ದಿನ ಒಂದು ದಾಟಿದರೆ ಮಾಲೇ ಕೆಡುತ್ತದೆ. ಅವನ ಹಣವೆಲ್ಲ ಉದ್ರಿಯಲ್ಲಿರುತ್ತದೆ. ಗಡಹಿಂಗ್ಲಜದ ಮೆಣಸಿನಕಾಯಿ ವ್ಯಾಪಾರಿ ಸುಗ್ಗಿಯಲ್ಲಿ ಕೊಂಡು ತಿಂಗಳುಗಟ್ಟಲೆ ಇಡುವುದೇ ಅವನ ವ್ಯಾಪಾರ. ಒಂದು ಅಂಗಡಿಯ ದಿನಗಳನ್ನು ಅದೇ ಅಂಗಡಿಯ ಹೋದ ವರ್ಷದ ಅದೇ ತಿಂಗಳಿನ ಜೊತೆ ಹೋಲಿಸಬೇಕು. ಮಾರ್ಚ್ 31ರ ಅಂಕಿಯನ್ನಷ್ಟೇ ನೋಡಿದರೂ ಸಾಲದು. ವರ್ಷದ ಕೊನೆಗೆ ವಸೂಲಿಗೆ ಓಡಾಡಿ ಬಾಕಿ ಇಳಿಸಿರುತ್ತೇವೆ. ಪ್ರತಿ ತಿಂಗಳ ಕೊನೆಗೆ, ಹಿಂದಿನ ಮೂರು ತಿಂಗಳ ಮಾರಾಟ ಹಿಡಿದು ಲೆಕ್ಕ ಹಾಕಿದರೆ ನಿಜ ತಿಳಿಯುತ್ತದೆ.

ಮೂರನೆಯದು ನಾವು ಕೊಡಬೇಕಾದ್ದು. 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ವಿದ್ಯುತ್ ಮಗ್ಗ ತಂದಾಗಿನಿಂದ ಇಚಲಕರಂಜಿ ಚಿಕ್ಕ ಚಿಕ್ಕ ಮಗ್ಗದವರ ಊರಾಗಿ ಬೆಳೆಯಿತು. ಅವರಿಂದ ಮಾಲು ಒಯ್ದು ತಡವಾಗಿ ಹಣ ಕೊಟ್ಟೇ ಹಲವು ಸಗಟು ಅಂಗಡಿಗಳು ನಡೆದವು. 2023ರ ಹಣಕಾಸು ಕಾಯ್ದೆ ಇದಕ್ಕೆ ಕಡಿವಾಣ ಹಾಕಿತು. ಉದ್ಯಮ ನೋಂದಣಿಯಿರುವ ಸೂಕ್ಷ್ಮ ಅಥವಾ ಸಣ್ಣ ತಯಾರಕನಿಗೆ ಬರಹದ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ಅವಧಿ ಮೀರಿ ವರ್ಷದ ಕೊನೆಗೂ ಬಾಕಿ ಉಳಿದರೆ ಆ ಖರೀದಿ ಆ ವರ್ಷದ ಆದಾಯ ತೆರಿಗೆಯಲ್ಲಿ ಖರ್ಚೆಂದು ಸಿಗುವುದಿಲ್ಲ, ಹಣ ಕೊಟ್ಟ ವರ್ಷ ಸಿಗುತ್ತದೆ. ಮಗ್ಗದವನಿಗೆ ಇದು ನ್ಯಾಯ. ಆದರೆ ಮಾರಾಟವನ್ನಷ್ಟೇ ಮಾಡುವ ವ್ಯಾಪಾರಿಗೆ ತನ್ನ ಗಿರಾಕಿಯ ಮೇಲೆ ಇದೇ ನಿಯಮದ ಬಲ ಇಲ್ಲ. 60 ದಿನಕ್ಕೆ ಬರುವ ಹಣ, 45 ದಿನಕ್ಕೆ ಕೊಡುವ ಹಣ: ಅಂಗಡಿಯ 50 ದಿನ 45ಕ್ಕೆ ಇಳಿದದ್ದು ಇದರಿಂದಲೇ.

ಹೀಗೆ ಬಿಡಿಸಿದ ಮೇಲೆ ಮಾಡಬೇಕಾದ್ದು ಸ್ಪಷ್ಟವಾಯಿತು. ನಿಂತ ಗಿರಾಕಿಯ ಜೊತೆ ಕೂತು, ತಕರಾರಿನ ಮೊತ್ತ ಬೇರೆ ಮಾಡಿ, ಉಳಿದದ್ದಕ್ಕೆ ಕಂತು ಕಟ್ಟಿ ಚೆಕ್ಕು ಪಡೆದರು. ಕೂತ ಬಟ್ಟೆಯನ್ನು ಎಷ್ಟು ಇಳಿಸಿ ಮಾರಬಹುದು ಎಂದು ಲೆಕ್ಕ ಹಾಕಿದೆವು. 180 ದಿನದಲ್ಲಿ ನಿಧಾನವಾಗಿ ಹೋಗುವ ಮಾಲು ಸರಾಸರಿ 90 ದಿನ ಕೂರುತ್ತದೆ. ಶೇ 10ರ ಬಡ್ಡಿಯಲ್ಲಿ ಅದು ಶೇ 2.5. ಅಷ್ಟರವರೆಗೆ ದರ ಇಳಿಸಿ ಈಗಲೇ ಮಾರಿದರೂ ನಷ್ಟವಿಲ್ಲ. ಒಳ್ಳೆಯ ಗಿರಾಕಿಗಳಿಗೆ 60 ದಿನದ ಬದಲು 15 ದಿನದಲ್ಲಿ ಕೊಟ್ಟರೆ ಶೇ 1 ಬಿಡುವುದಾಗಿ ಹೇಳಿದರು. 45 ದಿನಕ್ಕೆ ಶೇ 1 ಎಂದರೆ ವರ್ಷಕ್ಕೆ ಸುಮಾರು ಶೇ 8, ಬ್ಯಾಂಕಿನ ಬಡ್ಡಿಗಿಂತ ಕಡಿಮೆ. ಒಂದೂವರೆ ಬಿಟ್ಟರೆ ಅದು ಶೇ 12 ದಾಟುತ್ತದೆ, ಆಗ ಸಿಸಿ ಸಾಲವೇ ಅಗ್ಗ.

ಮರುವರ್ಷ ಮಾಲು 30 ದಿನಕ್ಕೆ, ಉದ್ರಿ 64ಕ್ಕೆ ಬಂತು. ಕೊಡಬೇಕಾದ್ದು 45ರಲ್ಲೇ ಉಳಿಯಿತು. ಚಕ್ರ 49 ದಿನ. 16 ದಿನ ತಿರುಗಿ ಬಂದವು, ಅವುಗಳ ಜೊತೆ 32 ಲಕ್ಷವೂ ಬಂತು. ಉದ್ರಿಯ ಇನ್ನು ನಾಲ್ಕು ದಿನ ಕಂತುಗಳು ಮುಗಿದಂತೆ ಬರುತ್ತವೆ. ಮಗ್ಗದವರ ಐದು ದಿನ ಮಾತ್ರ ಇನ್ನು ಬರುವುದಿಲ್ಲ, ಬರಬೇಕೆಂದು ಬಯಸುವುದೂ ಸರಿಯಲ್ಲ. ಆ ಐದು ದಿನಕ್ಕೆ ಬೇಕಾದ 10 ಲಕ್ಷವನ್ನು ಬ್ಯಾಂಕಿನಿಂದ ವರ್ಷ ವರ್ಷ ಎಳೆಯುವ ಬದಲು, ಲಾಭದಲ್ಲಿ ಮನೆಗೆ ಒಯ್ಯದೆ ಅಂಗಡಿಯ ಬಂಡವಾಳಕ್ಕೇ ಸೇರಿಸಿ ಎಂದು ಹೇಳಿದೆ. ಸಾವ್ಕಾರರು ಆ ವರ್ಷ ಹಾಗೆಯೇ ಮಾಡಿದರು.