CHG-2 ಕೈಗೆ ಬರದೆ ಪೂರ್ತಿ ಹಣ ಬಿಡಬೇಡ

ತಮ್ಮಾ, ಪೀಣ್ಯದ ಆ ಪ್ರೈವೇಟ್ ಲಿಮಿಟೆಡ್ ಕಂಪನಿಗೆ 40 ಲಕ್ಷ ಸಾಲ ಕೊಡ್ತಿದ್ದೀಯ, ಸಿಎನ್‌ಸಿ ಯಂತ್ರದ ಮೇಲೆ ಹೈಪಾಥಿಕೇಶನ್ ಪತ್ರ ಛಾಪಾಕಾಗದದಲ್ಲೇ ಆಗಿದೆ ಅಂದೆ. ಪತ್ರದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಚಾರ್ಜನ್ನು ಕಂಪನಿ ರಿಜಿಸ್ಟ್ರಾರ್ ಬಳಿ ನೋಂದಾಯಿಸಿದ್ದಾರಾ? 'ಅದನ್ನ ಅವರ ಆಡಿಟರ್ ನೋಡ್ಕೋತಾರೆ' ಅನ್ನುವ ಮಾತನ್ನು ನಾನು ನಂಬುವುದಿಲ್ಲ.

ನೋಂದಣಿ ಆಗದಿದ್ದರೂ ನಿನ್ನ ಸಾಲ ಸಾಲವೇ. ಕಂಪನಿ ನಡೆಯುತ್ತಿರುವಷ್ಟು ದಿನ ವಸೂಲಿಗೆ ದಾವೆ ಹೂಡಬಹುದು. ಪೆಟ್ಟು ಬೀಳುವುದು ಕಂಪನಿ ಮುಳುಗಿದಾಗ. ಕಂಪನಿ ಕಾಯ್ದೆಯ 77ನೇ ಕಲಮಿನ ಪ್ರಕಾರ ನೋಂದಣಿಯಾಗದ ಚಾರ್ಜನ್ನು ಲಿಕ್ವಿಡೇಟರ್ ಆಗಲಿ, ಸಾಲ ಕೊಟ್ಟ ಬೇರೆಯವರಾಗಲಿ ಲೆಕ್ಕಕ್ಕೇ ತೆಗೆದುಕೊಳ್ಳಬೇಕಿಲ್ಲ. ಯಂತ್ರ 40 ಲಕ್ಷಕ್ಕೆ ಮಾರಾಟವಾಯಿತು ಅಂದುಕೋ. ಅದು ಪೂರಾ ನಿನಗೆ ಬರುವುದಿಲ್ಲ, ಎಲ್ಲರ ಗಂಟಿಗೆ ಸೇರುತ್ತದೆ. ಕಾರ್ಮಿಕರು ಮತ್ತು ನೋಂದಾಯಿತ ಭದ್ರತೆ ಇರುವವರ ಬಾಕಿ ತೀರಿ ಉಳಿದದ್ದು 20 ಲಕ್ಷ, ನಿನ್ನ ಸಾಲಿನಲ್ಲಿ ನಿಂತವರ ಒಟ್ಟು ಬಾಕಿ 2 ಕೋಟಿ ಅಂತಾದರೆ, ರೂಪಾಯಿಗೆ ಹತ್ತು ಪೈಸೆಯಂತೆ ನಿನ್ನ ಪಾಲು 4 ಲಕ್ಷ.

ಉತ್ಪ್ರೇಕ್ಷೆ ಅನ್ನಬೇಡ. ವೋಕ್ಸ್‌ವ್ಯಾಗನ್ ಫೈನಾನ್ಸ್ ಒಂದು ಕಂಪನಿಗೆ ಕಾರಿನ ಸಾಲ ಕೊಟ್ಟಿತ್ತು. ಕಾರಿನ ಆರ್‌ಸಿಯಲ್ಲೇ ಹೈಪಾಥಿಕೇಶನ್ ನಮೂದಾಗಿತ್ತು. ಆದರೂ 77ರಡಿ ನೋಂದಣಿ ಇಲ್ಲ ಎಂಬ ಕಾರಣಕ್ಕೆ ಅದು ಭದ್ರತೆಯುಳ್ಳ ಸಾಲವಲ್ಲ ಎಂದು ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ 2020ರಲ್ಲಿ ಹೇಳಿಬಿಟ್ಟಿತು. ಆರ್‌ಟಿಒ ಮುದ್ರೆಯೇ ಸಾಲದಾದರೆ ನಿನ್ನ ಛಾಪಾಕಾಗದ ಯಾವ ಲೆಕ್ಕ?

ನೋಂದಣಿಗೆ ಪತ್ರಕ್ಕೆ ಸಹಿ ಬಿದ್ದ 30 ದಿನದೊಳಗೆ CHG-1 ಫಾರಂ ಸಲ್ಲಿಸಬೇಕು. ಹೆಚ್ಚುವರಿ ಶುಲ್ಕ ಕಟ್ಟಿ 60 ದಿನದವರೆಗೆ, ಸಾಲದ ಮೊತ್ತಕ್ಕೆ ತಕ್ಕ ಇನ್ನೂ ಭಾರಿ ಶುಲ್ಕ ಕಟ್ಟಿದರೆ 120 ದಿನದವರೆಗೆ ಅವಕಾಶ. ಅಲ್ಲಿಗೆ ಬಾಗಿಲು ಮುಚ್ಚಿತು. ಹಿಂದೆ ತಡವಾದದ್ದಕ್ಕೆ ಕೇಂದ್ರ ಸರ್ಕಾರದಿಂದ ಮನ್ನಾ ಕೇಳಬಹುದಿತ್ತು, 2018ರ ನವೆಂಬರ್ 2ರಿಂದ ಈಚಿನ ಚಾರ್ಜ್‌ಗಳಿಗೆ ಆ ದಾರಿಯಿಲ್ಲ. 'ಹೊಸ ಪತ್ರ ಬರೆಸಿಕೊಂಡರಾಯ್ತು' ಎನ್ನುವವರಿದ್ದಾರೆ. ಹಳೆಯ ಸಾಲಕ್ಕೆ ಹೊಸ ಭದ್ರತೆ ಪಡೆದ ಒಂದು ವರ್ಷದೊಳಗೆ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ, ಒಬ್ಬನಿಗೆ ಮಾತ್ರ ಅನುಕೂಲ ಮಾಡಿಕೊಟ್ಟರೆಂದು ಅದನ್ನು ರದ್ದು ಮಾಡಿಸಲು ಅರ್ಜಿ ಬೀಳಬಹುದು. ನೀನು ಆ ಕಂಪನಿಯವರ ಸಂಬಂಧಿಕನಾಗಿದ್ದರೆ ಎರಡು ವರ್ಷ.

ಅದಕ್ಕೇ ಹೇಳೋದು, ತಡ ಮಾಡದೆ ಫಾರಂಗೂ ಇಬ್ಬರ ಡಿಜಿಟಲ್ ಸಹಿ ಹಾಕಿಸು. ಒಂದಿಷ್ಟು ಹಣ ಹಿಡಿದಿಟ್ಟುಕೋ, CHG-2 ಪ್ರಮಾಣಪತ್ರ ಬಂದಮೇಲೆ ಬಿಡು. ಅವರು 30 ದಿನದಲ್ಲಿ ಸಲ್ಲಿಸದಿದ್ದರೆ 78ನೇ ಕಲಮಿನಡಿ ನೀನೇ ಅರ್ಜಿ ಹಾಕಬಹುದು, ಶುಲ್ಕವನ್ನೂ ಅವರಿಂದ ವಸೂಲು ಮಾಡಬಹುದು. ಹಾಂ, ಹಣ ಕೊಡುವ ಮುಂಚೆ ಅದೇ ಯಂತ್ರದ ಮೇಲೆ ಬ್ಯಾಂಕಿನ ಚಾರ್ಜ್ ಇದೆಯೇ ಎಂದು ಪೋರ್ಟಲ್‌ನಲ್ಲಿ ನೋಡು. ಫಾರಂನ ಕರಡು ಕಳಿಸಿದರೆ ಯಂತ್ರದ ಸೀರಿಯಲ್ ನಂಬರ್ ಪತ್ರದಲ್ಲೂ ಫಾರಂನಲ್ಲೂ ಒಂದೇ ಇದೆಯೇ ಅಂತ ನಾನೇ ತಾಳೆ ಹಾಕಿ ಕೊಡ್ತೀನಿ.