ದುರಸ್ತಿಯ ಮೇಜು

ಬೆಂಗಳೂರಿನ ಚಾಮರಾಜಪೇಟೆ 1892ರಲ್ಲಿ ರೂಪುಗೊಂಡ ಬಡಾವಣೆ. ಬಸವನಗುಡಿ ಮತ್ತು ಮಲ್ಲೇಶ್ವರಗಳು 1898ರ ಪ್ಲೇಗಿನ ಅನಂತರ ಬೆಳೆದವು. ಈ ಬಡಾವಣೆಗಳ ಹಳೆಯ ಮನೆಗಳಲ್ಲಿ ಬೀದಿಗೆ ತೆರೆದುಕೊಂಡ ಒಂದು ಮುಂಗೋಣೆ ಇರುವುದುಂಟು. ಹಿಂದೆ ಅಂಥ ಕೋಣೆಗಳಲ್ಲಿ ದರ್ಜಿಗಳು ಬಟ್ಟೆ ಹೊಲಿಯುತ್ತಿದ್ದರು. ಗಡಿಯಾರ, ರೇಡಿಯೋಗಳನ್ನು ಸರಿಪಡಿಸುವವರು ಕುಳಿತಿರುತ್ತಿದ್ದರು. ಇಂದು ಅದೇ ಕೋಣೆಯಲ್ಲಿ ಮೊಬೈಲ್ ಫೋನು ಮತ್ತು ಲ್ಯಾಪ್‌ಟಾಪ್‌ಗಳನ್ನು ದುರಸ್ತಿ ಮಾಡುವ ಕಸುಬನ್ನು ಆರಂಭಿಸುವವರಿದ್ದಾರೆ. ಬಿಡಿಭಾಗಗಳಿಗಾಗಿ ಅವರು ಬಹುದೂರ ಹೋಗಬೇಕಾಗಿಲ್ಲ. ಸಾದರ ಪತ್ರಪ್ಪ ರಸ್ತೆ, ಅಂದರೆ ಎಲ್ಲರೂ ‘ಎಸ್. ಪಿ. ರೋಡ್’ ಎಂದು ಕರೆಯುವ ವಿದ್ಯುನ್ಮಾನ ವಸ್ತುಗಳ ಪೇಟೆ, ಚಾಮರಾಜಪೇಟೆಗೆ ಸಮೀಪದಲ್ಲಿಯೇ ಇದೆ.

ಈ ಕಸುಬಿಗೆ ಬೇಕಾದ ಮೊದಲ ತರಬೇತಿ ದೀರ್ಘವಾದುದಲ್ಲ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ‘ರುಡ್‌ಸೆಟ್’ ಸಂಸ್ಥೆಯ ಮಾದರಿಯಲ್ಲಿ ದೇಶದ ಅನೇಕ ಜಿಲ್ಲೆಗಳಲ್ಲಿ ಸ್ವ ಉದ್ಯೋಗ ತರಬೇತಿ ಕೇಂದ್ರಗಳು ನಡೆಯುತ್ತಿವೆ. ಅಲ್ಲಿ ಮೊಬೈಲ್ ದುರಸ್ತಿಯನ್ನು ಸುಮಾರು ಒಂದು ತಿಂಗಳಲ್ಲಿ ಕಲಿಸುತ್ತಾರೆ. ಫೋನನ್ನು ಮುರಿಯದೆ ಬಿಚ್ಚುವುದು, ಹಾಳಾದ ಭಾಗವನ್ನು ಬದಲಾಯಿಸುವುದು, ಬೆಸುಗೆ ಹಾಕುವುದು, ಮಾಪಕದಿಂದ ಅಳೆಯುವುದು ಇವಿಷ್ಟು ಆ ಅವಧಿಯಲ್ಲಿ ಕೈಗೆ ಹತ್ತುತ್ತವೆ. ಮುಖ್ಯ ಫಲಕದ ಮೇಲಿರುವ ಸಾಸಿವೆಗಿಂತ ಸಣ್ಣ ಭಾಗಗಳನ್ನು ಕಿತ್ತು ಕೂರಿಸುವ ವಿದ್ಯೆ ಮಾತ್ರ ಒಂದು ತಿಂಗಳಿನದಲ್ಲ. ಅದಕ್ಕೆ ಸೂಕ್ಷ್ಮದರ್ಶಕವೂ ವರ್ಷಗಳ ಅಭ್ಯಾಸವೂ ಬೇಕು.

ಸಲಕರಣೆಗಳೂ ಹೆಚ್ಚೇನಿಲ್ಲ. ಬಗೆಬಗೆಯ ಮೂತಿಗಳುಳ್ಳ ಸಣ್ಣ ಸ್ಕ್ರೂಡ್ರೈವರುಗಳು, ಚಿಮುಟ, ಮುಚ್ಚಳ ಬಿಡಿಸಲು ತೆಳುವಾದ ಪ್ಲಾಸ್ಟಿಕ್ ಪಟ್ಟಿ, ಮೃದುವಾದ ಕುಂಚ, ಶುದ್ಧ ಐಸೋಪ್ರೊಪೈಲ್ ಆಲ್ಕೋಹಾಲ್, ಭೂತಗನ್ನಡಿ, ಬೆಸುಗೆಯ ಕಡ್ಡಿ, ಒಂದು ಮಲ್ಟಿಮೀಟರ್, ಇವುಗಳ ಜೊತೆಗೆ ಬೆರಳುದ್ದದ ಒಂದು ಯುಎಸ್‌ಬಿ ಮಾಪಕ ಇದ್ದರೆ ಕೆಲಸ ಆರಂಭವಾಗುತ್ತದೆ. ಈ ಕೊನೆಯ ಉಪಕರಣವನ್ನು ಚಾರ್ಜರ್ ಮತ್ತು ತಂತಿಯ ನಡುವೆ ಸಿಕ್ಕಿಸಿದರೆ, ಎಷ್ಟು ವೋಲ್ಟ್ ಒತ್ತಡದಲ್ಲಿ ಎಷ್ಟು ಆಂಪಿಯರ್ ವಿದ್ಯುತ್ತು ಫೋನಿನೊಳಗೆ ಹರಿಯುತ್ತಿದೆ ಎಂಬುದನ್ನು ಅದು ಅಂಕಿಗಳಲ್ಲಿ ತೋರಿಸುತ್ತದೆ. ವೈದ್ಯನಿಗೆ ನಾಡಿ ಹೇಗೋ ದುರಸ್ತಿಗಾರನಿಗೆ ಈ ಅಂಕಿಗಳು ಹಾಗೆ.

ಇಂಥ ಮೇಜಿನ ಮುಂದೆ ಅತಿ ಹೆಚ್ಚಾಗಿ ಕೇಳಿಬರುವ ದೂರುಗಳಲ್ಲಿ ಒಂದು, ‘ಫೋನು ಚಾರ್ಜ್ ಆಗುತ್ತಿಲ್ಲ’ ಎಂಬುದು. ಕೇಳುವುದಕ್ಕೆ ಇದು ಒಂದೇ ರೋಗ. ಕಾರಣಗಳು ಮಾತ್ರ ಹಲವು. ಗೋಡೆಯ ಸಾಕೆಟ್ಟಿನಿಂದ ಚಾರ್ಜರಿಗೆ, ಅಲ್ಲಿಂದ ತಂತಿಗೆ, ತಂತಿಯಿಂದ ಫೋನಿನ ತಳದಲ್ಲಿರುವ ಕಿಂಡಿಗೆ, ಕಿಂಡಿಯಿಂದ ಫಲಕದ ಮೂಲಕ ಬ್ಯಾಟರಿಗೆ ವಿದ್ಯುತ್ತು ಹರಿಯಬೇಕು. ಇದೊಂದು ಸರಪಳಿ. ಎಲ್ಲಿ ಕೊಂಡಿ ಕಳಚಿದರೂ ಫಲ ಒಂದೇ. ಆದುದರಿಂದ ಹೊರಗಿನ ಕೊಂಡಿಯಿಂದ ಒಳಗಿನ ಕೊಂಡಿಯ ಕಡೆಗೆ ಒಂದೊಂದಾಗಿ ಪರೀಕ್ಷಿಸುತ್ತ ಹೋಗುವುದೇ ಸರಿಯಾದ ಕ್ರಮ. ಹೊರಗಿನದನ್ನು ಪರೀಕ್ಷಿಸುವುದಕ್ಕೆ ಖರ್ಚಿಲ್ಲ, ಅಪಾಯವೂ ಇಲ್ಲ. ಒಳಗೆ ಹೋದಂತೆಲ್ಲ ಎರಡೂ ಹೆಚ್ಚುತ್ತವೆ.

ಒಂದು ಪ್ರಸಂಗವನ್ನು ಊಹಿಸಿಕೊಂಡು ಈ ಕ್ರಮವನ್ನು ಹಂತಹಂತವಾಗಿ ನೋಡೋಣ. ಗಾಂಧಿ ಬಜಾರಿನಲ್ಲಿ ಹೂವು ಮಾರುವ ಹೆಂಗಸೊಬ್ಬಳು ಚಾಮರಾಜಪೇಟೆಯ ಒಬ್ಬ ತರುಣನ ಮನೆಗೆ ಬರುತ್ತಾಳೆ. ಗಿರಾಕಿಗಳು ಕೊಡುವ ಹಣವೆಲ್ಲ ಈಗ ಅವಳಿಗೆ ಫೋನಿನ ಮೂಲಕವೇ ಬರುತ್ತದೆ. ಫೋನು ನಿಂತರೆ ಅಂದಿನ ವ್ಯಾಪಾರದ ಲೆಕ್ಕವೂ ನಿಲ್ಲುತ್ತದೆ.

“ತಂತೀನ ಒಂದು ಕಡೆ ಒತ್ತಿ ಹಿಡಿದ್ರೆ ಮಾತ್ರ ಚಾರ್ಜ್ ಆಗುತ್ತೆ ಕಣಪ್ಪ. ಬ್ಯಾಟರಿ ಹೋಗಿದೆ, ಹೊಸದು ಹಾಕಿಸು ಅಂತ ಒಬ್ರು ಹೇಳಿದ್ರು,” ಎನ್ನುತ್ತಾಳೆ ಆಕೆ.

“ನೋಡಿ ಹೇಳ್ತೀನಿ, ಕೂತ್ಕೊಳ್ಳಿ ಅಮ್ಮ. ಫೋನು ನೀರಿಗೆ ಬಿದ್ದಿತ್ತಾ? ಕೈ ಜಾರಿ ಬಿದ್ದಿತ್ತಾ?”

“ಇಲ್ಲಪ್ಪ. ಹೂವಿನ ಬುಟ್ಟೀಲೋ ಸೊಂಟದ ಚೀಲದಲ್ಲೋ ಇರುತ್ತೆ, ಅಷ್ಟೆ.”

ತರುಣನು ಫೋನನ್ನು ಬಿಚ್ಚುವ ಮೊದಲು ಪುಸ್ತಕವೊಂದನ್ನು ತೆರೆಯುತ್ತಾನೆ. ದಿನಾಂಕ, ಫೋನಿನ ಮಾದರಿ, ಗಾಜಿನ ಮೇಲೆ ಮೊದಲೇ ಇರುವ ಗೀರುಗಳು, ಹೇಳಿದ ದೂರು ಇವನ್ನು ಬರೆದುಕೊಳ್ಳುತ್ತಾನೆ. *#06# ಎಂದು ಒತ್ತಿದಾಗ ತೆರೆಯ ಮೇಲೆ ಮೂಡುವ 15 ಅಂಕಿಗಳ ಗುರುತುಸಂಖ್ಯೆಯನ್ನೂ ಬರೆಯುತ್ತಾನೆ. ಪ್ರತಿಯೊಂದು ಫೋನಿಗೂ ಅದರದೇ ಆದ ಈ ಸಂಖ್ಯೆ ಇರುತ್ತದೆ. ಕಳವಿನ ಫೋನು ಮೇಜಿಗೆ ಬಂದು ಮುಂದೆ ವಿಚಾರಣೆ ನಡೆದರೆ, ದುರಸ್ತಿಗಾರನ ಪ್ರಾಮಾಣಿಕತೆಗೆ ಸಾಕ್ಷಿಯಾಗುವುದು ಈ ಬರಹವೇ. ಈ ಸಂಖ್ಯೆಯನ್ನು ತಿದ್ದಿಕೊಡುವುದು ಕಾನೂನಿನ ದೃಷ್ಟಿಯಲ್ಲಿ ಅಪರಾಧವೆಂಬುದನ್ನೂ ಇಲ್ಲಿಯೇ ತಿಳಿದಿರಬೇಕು. ಹಣ ಪಾವತಿಯ ಗುಪ್ತ ಅಂಕಿಗಳನ್ನು ಅವನು ಕೇಳುವುದಿಲ್ಲ. ಆಕೆ ಹೇಳಹೋದರೂ ತಡೆಯುತ್ತಾನೆ.

ಅನಂತರ ಪರೀಕ್ಷೆ ಆರಂಭವಾಗುತ್ತದೆ. ಸುಸ್ಥಿತಿಯಲ್ಲಿವೆ ಎಂದು ತನಗೆ ಗೊತ್ತಿರುವ ಚಾರ್ಜರ್ ಮತ್ತು ತಂತಿಗಳನ್ನೇ ಅವನು ಬಳಸುತ್ತಾನೆ. ಆಗ ಸರಪಳಿಯ ಮೊದಲ ಮೂರು ಕೊಂಡಿಗಳ ಸಂದೇಹ ತೀರಿದಂತಾಯಿತು. ಮಾಪಕವು 5 ವೋಲ್ಟ್ ತೋರಿಸುತ್ತದೆ. ವಿದ್ಯುತ್ ಪ್ರವಾಹ ಮಾತ್ರ ಸೊನ್ನೆ. ತಂತಿಯನ್ನು ಸ್ವಲ್ಪ ಒತ್ತಿದಾಗ ಅಂಕಿ 1.3 ಆಂಪಿಯರಿಗೆ ಏರುತ್ತದೆ. ಕೈ ಬಿಟ್ಟೊಡನೆ ಮತ್ತೆ ಸೊನ್ನೆಗೆ ಇಳಿಯುತ್ತದೆ. ಈ ಏರಿಳಿತವೇ ಇಲ್ಲಿಯ ಮುಖ್ಯ ಲಕ್ಷಣ. ಬ್ಯಾಟರಿ ಕೆಟ್ಟಿದ್ದರೆ ತಂತಿಯನ್ನು ಒತ್ತುವುದರಿಂದ ಅಂಕಿ ಬದಲಾಗಬೇಕಾದ ಕಾರಣವಿಲ್ಲ. ತಂತಿ ಅಲುಗಿದಾಗ ಅಂಕಿಯೂ ಅಲುಗಿದರೆ, ದೋಷವಿರುವುದು ತಂತಿ ಮತ್ತು ಕಿಂಡಿ ಕೂಡುವ ಸ್ಥಳದಲ್ಲಿ. ಹಾಗಲ್ಲದೆ, ಬ್ಯಾಟರಿ ಬರಿದಾಗಿದ್ದರೂ ಅಂಕಿ ಸ್ಥಿರವಾಗಿ 0.1 ಆಂಪಿಯರಿನಷ್ಟೇ ಇದ್ದು, ಅರ್ಧ ಗಂಟೆ ಕಾದರೂ ಏರದಿದ್ದರೆ ಆಗ ಬ್ಯಾಟರಿಯನ್ನೋ ಫಲಕವನ್ನೋ ಸಂದೇಹಿಸಬೇಕು. ಪೂರ್ತಿ ಬರಿದಾದ ಬ್ಯಾಟರಿಯು ಮೊದಮೊದಲು ಅಲ್ಪ ಪ್ರವಾಹವನ್ನೇ ಸ್ವೀಕರಿಸುವುದರಿಂದ ಹೀಗೆ ಕಾಯುವುದು ಅವಶ್ಯಕ.

ತರುಣನು ಫೋನನ್ನು ಆರಿಸಿ, ಕಿಂಡಿಯೊಳಗೆ ಬೆಳಕು ಬಿಟ್ಟು ಭೂತಗನ್ನಡಿಯಲ್ಲಿ ನೋಡುತ್ತಾನೆ. ತಳದಲ್ಲಿ ಬಟ್ಟೆಯ ನವಿರು ಮತ್ತು ಹೂವಿನ ಧೂಳು ಗಟ್ಟಿಯಾಗಿ ಅದುಮಿಕೊಂಡಿವೆ. ತಂತಿಯ ಮೂತಿ ಪ್ರತಿಬಾರಿಯೂ ಆ ಕಸವನ್ನು ಇನ್ನಷ್ಟು ಒಳಕ್ಕೆ ತಳ್ಳಿದೆ. ಅದರಿಂದಾಗಿ ಮೂತಿ ಪೂರ್ತಿ ಒಳಗೆ ಹೋಗದೆ ಹೊರಗೆ ಸ್ವಲ್ಪ ಉಳಿದುಬಿಡುತ್ತಿದೆ. ಅವನು ಮರದ ಹಲ್ಲುಕಡ್ಡಿಯ ತುದಿಯನ್ನು ಚಪ್ಪಟೆಯಾಗಿ ಕೆತ್ತಿ, ಅಂಚಿನಿಂದ ಮೆಲ್ಲಗೆ ಕಸವನ್ನು ಎಬ್ಬಿಸಿ ತೆಗೆಯುತ್ತಾನೆ. ಗುಂಡುಸೂಜಿಯನ್ನು ಮುಟ್ಟುವುದಿಲ್ಲ. ಏಕೆಂದರೆ ಈ ಬಗೆಯ ಕಿಂಡಿಯ ನಡುವೆ ನಾಲಗೆಯಂಥ ತೆಳುವಾದ ಪಟ್ಟಿಯೊಂದಿದ್ದು, ಅದರ ಎರಡೂ ಮೈಗಳ ಮೇಲೆ ಲೋಹದ ಸೂಕ್ಷ್ಮ ಸಂಪರ್ಕಗಳಿರುತ್ತವೆ. ಸೂಜಿ ತಗಲಿದರೆ ಅವು ಗೀಚಿಹೋಗಬಹುದು, ನಾಲಗೆ ಮುರಿಯಬಹುದು, ಅಕ್ಕಪಕ್ಕದ ಸಂಪರ್ಕಗಳು ಒಂದಕ್ಕೊಂದು ಸೇರಿ ಫಲಕವೇ ಸುಡಬಹುದು. ಕೊನೆಗೆ ಆಲ್ಕೋಹಾಲಿನಲ್ಲಿ ಅದ್ದಿದ ಕುಂಚವನ್ನು ಆಡಿಸಿ, ಪೂರ್ತಿ ಒಣಗುವವರೆಗೆ ಕಾಯುತ್ತಾನೆ.

ಈಗ ತಂತಿ ಬಿಗಿಯಾಗಿ ಕೂರುತ್ತದೆ. ಮಾಪಕದಲ್ಲಿ 1.3 ಆಂಪಿಯರ್ ಸ್ಥಿರವಾಗಿ ನಿಲ್ಲುತ್ತದೆ, ಅಲುಗಿಸಿದರೂ ಕದಲುವುದಿಲ್ಲ. ಇಷ್ಟಕ್ಕೇ ಅವನು ಫೋನನ್ನು ಹಿಂದಿರುಗಿಸುವುದಿಲ್ಲ. ಬ್ಯಾಟರಿಯ ಮೇಲೆ ಬಂದ ಆರೋಪವೂ ಇತ್ಯರ್ಥವಾಗಬೇಕಷ್ಟೆ. ವಿಜ್ಞಾನದ ತರಗತಿಯಲ್ಲಿ ನೀವು ಕಲಿತ ಲೆಕ್ಕವೇ ಇಲ್ಲಿ ನೆರವಿಗೆ ಬರುತ್ತದೆ. 5 ವೋಲ್ಟನ್ನು 1.3 ಆಂಪಿಯರಿನಿಂದ ಗುಣಿಸಿದರೆ 6.5 ವ್ಯಾಟ್. ಅರ್ಧ ಗಂಟೆಯಲ್ಲಿ ಒಳಹೋಗುವ ಶಕ್ತಿ ಸುಮಾರು 3.25 ವ್ಯಾಟ್-ಗಂಟೆ. ಆ ಫೋನಿನ ಬ್ಯಾಟರಿಯ ಒಟ್ಟು ಸಾಮರ್ಥ್ಯ ಸುಮಾರು 19 ವ್ಯಾಟ್-ಗಂಟೆ. ಏನೂ ನಷ್ಟವಾಗದಿದ್ದರೆ ಅರ್ಧ ಗಂಟೆಗೆ ನೂರಕ್ಕೆ 17ರಷ್ಟು ತುಂಬಬೇಕು. ಶಾಖವಾಗಿ ಹೋಗುವುದನ್ನೂ ಫೋನು ತಾನೇ ಬಳಸುವುದನ್ನೂ ಕಳೆದರೆ ಸುಮಾರು 14. ಅವನು ಅರ್ಧ ಗಂಟೆ ಕಾಯುತ್ತಾನೆ. 22 ಇದ್ದುದು 36 ಆಗುತ್ತದೆ. ಕೆಟ್ಟ ಬ್ಯಾಟರಿಯಾಗಿದ್ದರೆ ಈ ಸಂಖ್ಯೆ ಅಸಹಜವಾಗಿ ಬೇಗ ಏರುತ್ತಿತ್ತು. ಚಾರ್ಜರ್ ತೆಗೆದೊಡನೆ ಅಷ್ಟೇ ಬೇಗ ಕುಸಿಯುತ್ತಿತ್ತು. ಇಲ್ಲಿ ಹಾಗಾಗಲಿಲ್ಲ.

“ಬ್ಯಾಟರಿ ಚೆನ್ನಾಗಿದೆ ಅಮ್ಮ, ಬದಲಾಯಿಸೋದು ಬೇಡ. ಕಿಂಡೀಲಿ ಕಸ ತುಂಬಿತ್ತು,” ಎಂದು ತೆಗೆದ ಕಸವನ್ನು ಕಾಗದದ ಮೇಲೆ ತೋರಿಸಿ, ನೋಡಿದ ಕೂಲಿಯನ್ನಷ್ಟೇ ಅವನು ಪಡೆಯುತ್ತಾನೆ. ಹೊಸ ಬ್ಯಾಟರಿಯನ್ನು ಹಾಕಿದ್ದರೆ ಅವನಿಗೆ ಹೆಚ್ಚು ಲಾಭ ಬರುತ್ತಿತ್ತು. ಆದರೆ ಕಿಂಡಿಯ ಕಸ ಅಲ್ಲಿಯೇ ಇರುತ್ತಿದ್ದುದರಿಂದ ಆಕೆ ಮಾರನೆಯ ದಿನವೇ ಅದೇ ದೂರಿನೊಡನೆ ಹಿಂದಿರುಗುತ್ತಿದ್ದಳು.

ಲ್ಯಾಪ್‌ಟಾಪಿಗೂ ಈ ಹೊರಗಿನಿಂದ ಒಳಗೆ ಹೋಗುವ ಕ್ರಮವೇ ಅನ್ವಯಿಸುತ್ತದೆ. ಅದನ್ನು ಬಿಚ್ಚುವಾಗ ಇನ್ನೊಂದು ಎಚ್ಚರಿಕೆ ಬೇಕು. ಅದರ ಸ್ಕ್ರೂಗಳು ಒಂದೇ ಉದ್ದದವಲ್ಲ. ಗಿಡ್ಡ ಸ್ಕ್ರೂ ಇದ್ದ ತೂತಿಗೆ ಉದ್ದನೆಯದನ್ನು ತಿರುಗಿಸಿದರೆ ಅದು ಫಲಕವನ್ನು ಚುಚ್ಚಿ ಹಾಳುಮಾಡಬಹುದು. ಆದುದರಿಂದ ಕಾಗದದ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರವನ್ನು ಬರೆದು, ತೆಗೆದ ಸ್ಕ್ರೂವನ್ನು ಅದರದರ ಸ್ಥಾನದಲ್ಲಿಯೇ ಅಂಟಿಸಿಡುವುದು ರೂಢಿ. ಮುಚ್ಚಳ ತೆರೆದೊಡನೆ ಮಾಡಬೇಕಾದ ಮೊದಲ ಕೆಲಸವೆಂದರೆ ಬ್ಯಾಟರಿಯ ಸಂಪರ್ಕವನ್ನು ಬಿಡಿಸುವುದು.

ಮನೆಯಲ್ಲಿ ನಡೆಸುವ ಈ ಕಸುಬಿನಲ್ಲಿ ನಿಜವಾಗಿ ಭಯಪಡಬೇಕಾದುದು ಉಬ್ಬಿದ ಬ್ಯಾಟರಿಗೆ. ಫೋನಿನ ಹಿಂಭಾಗ ಮೇಲೆದ್ದಿದ್ದರೆ, ಗಾಜಿನ ಅಂಚು ಬಿರುಕು ಬಿಟ್ಟಂತೆ ತೆರೆದುಕೊಂಡಿದ್ದರೆ ಒಳಗಿನ ಲಿಥಿಯಂ ಬ್ಯಾಟರಿಯಲ್ಲಿ ಅನಿಲ ತುಂಬಿದೆಯೆಂದು ತಿಳಿಯಬೇಕು. ಅದನ್ನು ಒತ್ತಬಾರದು, ಚಾರ್ಜ್ ಮಾಡಬಾರದು, ಲೋಹದ ಸಲಕರಣೆಯಿಂದ ಮೀಟಬಾರದು. ಚುಚ್ಚಿದರೆ ಅದು ಕ್ಷಣಮಾತ್ರದಲ್ಲಿ ಹೊತ್ತಿಕೊಂಡು ವಿಷದ ಹೊಗೆಯನ್ನು ಉಗುಳುತ್ತದೆ. ಮೇಜಿನ ಪಕ್ಕದಲ್ಲಿ ಒಣ ಮರಳು ತುಂಬಿದ ಲೋಹದ ಬಕೆಟ್ ಸದಾ ಇರಬೇಕು. ಮಕ್ಕಳು ಆ ಕೋಣೆಗೆ ಬಾರದಂತೆ ನೋಡಿಕೊಳ್ಳಬೇಕು. ತೆಗೆದ ಬ್ಯಾಟರಿಗಳನ್ನು ಬೀದಿಯ ಕಸಕ್ಕೆ ಹಾಕಕೂಡದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಿಗೆ ಅನುಸಾರವಾಗಿ ಅವು ಅಧಿಕೃತ ಸಂಗ್ರಹಕಾರರಿಗೆ ಸೇರಬೇಕು.

ಹೊಸಬರು ಆರಂಭದಲ್ಲಿಯೇ ಬಿಡಿಭಾಗಗಳನ್ನು ಕೊಂಡು ರಾಶಿ ಹಾಕುವುದುಂಟು. ಒಂದು ಮಾದರಿಯ ಗಾಜು ಇನ್ನೊಂದಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ. ಮಾದರಿಗಳು ಹಳತಾದಂತೆ ಹಾಕಿದ ಹಣವೆಲ್ಲ ಪೆಟ್ಟಿಗೆಯಲ್ಲಿ ಸತ್ತುಹೋಗುತ್ತದೆ. ದೋಷ ಖಚಿತವಾದ ಮೇಲೆ, ಗಿರಾಕಿಯ ಒಪ್ಪಿಗೆ ಪಡೆದು, ಎಸ್. ಪಿ. ರೋಡಿಗೆ ಹೋಗಿ ಆ ಒಂದು ಭಾಗವನ್ನು ತರುವುದು ಲೇಸು. ತಂದ ಗಾಜನ್ನು ಅಂಟಿಸುವ ಮೊದಲು ಬರಿದೇ ಸಂಪರ್ಕಿಸಿ, ಮೂಲೆಮೂಲೆಗೂ ಬೆರಳಾಡಿಸಿ ನೋಡಬೇಕು. ಅಂಟು ಹಚ್ಚಿದ ಮೇಲೆ ಅಂಗಡಿಯವನು ಹಿಂದಕ್ಕೆ ಪಡೆಯಲು ಒಪ್ಪುವುದು ಅಪರೂಪ. ಆರು ತಿಂಗಳು ಕಳೆದಾಗ ತರುಣನು ತನ್ನ ಪುಸ್ತಕವನ್ನು ತಿರುವಿಹಾಕಲಿ. ತನ್ನ ಬೀದಿಯವರ ಫೋನುಗಳಲ್ಲಿ ಪದೇಪದೇ ಕೆಡುವುದು ಯಾವುದು, ಯಾವ ಮಾದರಿಗಳು ಹೆಚ್ಚು ಬರುತ್ತವೆ, ಯಾವ ಕೆಲಸ ತನ್ನ ಕೈಮೀರಿ ಬೇರೆಯವರಲ್ಲಿಗೆ ಹೋಯಿತು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಮುಂದೆ ಯಾವ ಭಾಗಗಳನ್ನು ಇಟ್ಟುಕೊಳ್ಳಬೇಕು, ಯಾವ ವಿದ್ಯೆಯನ್ನು ಕಲಿಯಬೇಕು ಎಂಬುದನ್ನು ಆ ಪುಟಗಳೇ ಅವನಿಗೆ ತಿಳಿಸುತ್ತವೆ.